ಬೀರುವಿನ ಚಿನ್ನಕ್ಕೆ 24 ತಿಂಗಳು, ಡಿಮ್ಯಾಟ್ ಚಿನ್ನಕ್ಕೆ 12: ತೆರಿಗೆಯ ಈ ಗಡುವುಗಳು ಯಾಕೆ ಬೇರೆ ಬೇರೆ?

ಚಿನ್ನದ ಬೆಲೆ ಈಚಿನ ವರ್ಷಗಳಲ್ಲಿ ಏರಿದ ರೀತಿಗೆ ಎಷ್ಟೋ ಮನೆಗಳಲ್ಲಿ ಒಂದೇ ಮಾತು: "ಸ್ವಲ್ಪ ಮಾರಿಬಿಡೋಣವಾ?" ಮಗಳ ಕಾಲೇಜು ಫೀಸಿಗೋ, ಮನೆ ಸಾಲ ತೀರಿಸೋಕೋ ಒಂದಿಷ್ಟು ಮಾರಿದವರು ಬಹಳ ಜನ. ಆಮೇಲೆ ಜುಲೈನಲ್ಲಿ ರಿಟರ್ನ್ ಸಲ್ಲಿಸಲು ಆಡಿಟರ್ ಹತ್ತಿರ ಹೋದಾಗ ಮೊದಲ ಪ್ರಶ್ನೆ ಬರುತ್ತದೆ: "ತಗೊಂಡಿದ್ದು ಯಾವಾಗ?" ಎಷ್ಟಕ್ಕೆ ಮಾರಿದಿರಿ ಅನ್ನೋದು ಎರಡನೇ ಪ್ರಶ್ನೆ.

ದಿನಾಂಕ ಯಾಕೆ ಅಷ್ಟು ಮುಖ್ಯ? ಅದೇ ಲಾಭಕ್ಕೆ 23ನೇ ತಿಂಗಳಲ್ಲಿ ಒಂದು ತೆರಿಗೆ, 25ನೇ ತಿಂಗಳಲ್ಲಿ ಇನ್ನೊಂದು ತೆರಿಗೆ. ಇನ್ನೂ ವಿಚಿತ್ರ ಅನ್ನಿಸುವುದು ಇದು: ಬೀರುವಿನಲ್ಲಿರುವ ಬಳೆಗೆ ಗಡುವು 24 ತಿಂಗಳು, ಡಿಮ್ಯಾಟ್ ಖಾತೆಯಲ್ಲಿ ಷೇರಿನ ಹಾಗೆ ಕೊಂಡು ಮಾರುವ ಚಿನ್ನದ ಫಂಡು, ಅಂದರೆ ಗೋಲ್ಡ್ ಇಟಿಎಫ್‌ಗೆ ಬರೀ 12. ಎರಡೂ ಚಿನ್ನವೇ, ಬೆಲೆ ಏರುವುದೂ ಒಟ್ಟಿಗೇ. ಈ ವ್ಯತ್ಯಾಸದ ಹಿಂದಿನ ಯೋಚನೆ ಅರ್ಥವಾದರೆ ಷೇರು, ಸೈಟು, ಫಂಡುಗಳ ನಿಯಮಗಳೂ ಸುಲಭವಾಗಿ ತಲೆಗೆ ಹತ್ತುತ್ತವೆ.

## ಯಾವ ಲಾಭಕ್ಕೆ ತೆರಿಗೆ, ಯಾವಾಗ?

ಚಿನ್ನ, ಸೈಟು, ಮನೆ, ಷೇರು, ಮ್ಯೂಚುವಲ್ ಫಂಡಿನ ಯೂನಿಟ್ಟು ಇವೆಲ್ಲ ಕಾನೂನಿನ ಲೆಕ್ಕದಲ್ಲಿ ಬಂಡವಾಳ ಆಸ್ತಿಗಳು. ಇವನ್ನು ಕೊಂಡ ಬೆಲೆಗಿಂತ ಜಾಸ್ತಿಗೆ ಮಾರಿದರೆ ಬರುವ ವ್ಯತ್ಯಾಸವೇ ಬಂಡವಾಳ ಲಾಭ, ಅಂದರೆ ಕ್ಯಾಪಿಟಲ್ ಗೇನ್ಸ್. ಸಂಬಳ, ವ್ಯಾಪಾರದ ಆದಾಯದ ಹಾಗೆ ಇದನ್ನು ಲೆಕ್ಕ ಹಾಕುವುದಿಲ್ಲ. ಇದಕ್ಕೆ ಬೇರೆಯೇ ನಿಯಮಗಳಿವೆ.

ಆಸ್ತಿಯ ಬೆಲೆ ಎಷ್ಟೇ ಏರಲಿ, ಅದು ನಿಮ್ಮ ಹತ್ತಿರ ಇರುವವರೆಗೆ ತೆರಿಗೆ ಇಲ್ಲ. ಕೈ ಬದಲಾದಾಗ ಮಾತ್ರ ತೆರಿಗೆ. ಇಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ವಿಷಯವಿದೆ. ಕೈ ಬದಲಾಗುವುದು ಅಂದರೆ ದುಡ್ಡಿಗೆ ಮಾರುವುದಷ್ಟೇ ಅಲ್ಲ, ಬದಲಿ ಮಾಡಿಕೊಳ್ಳುವುದೂ ಅದರಲ್ಲೇ ಬರುತ್ತದೆ. ಹಳೆ ಬಳೆ ಕೊಟ್ಟು ಹೊಸ ಸರ ತಗೊಂಡರೆ, ಕೈಗೆ ಒಂದು ರೂಪಾಯಿ ಬರದಿದ್ದರೂ ಕಾನೂನಿನ ಪ್ರಕಾರ ಹಳೆ ಬಳೆ ಮಾರಿದ ಹಾಗೆಯೇ. ಬಳೆಯ ಲಾಭದ ಲೆಕ್ಕ ಅಂದೇ ಮುಗಿಯುತ್ತದೆ. ಹೊಸ ಸರದ ಅವಧಿ ಅಂದಿನಿಂದ ಶುರುವಾಗುತ್ತದೆ. ಮ್ಯೂಚುವಲ್ ಫಂಡಿನಲ್ಲಿ ಒಂದು ಸ್ಕೀಮಿನಿಂದ ಇನ್ನೊಂದಕ್ಕೆ 'ಸ್ವಿಚ್' ಮಾಡಿದರೂ ಇದೇ ಕಥೆ.

## ಈಗಿರುವ ಎರಡು ಗಡುವುಗಳು

ಮೊದಲು ಆಸ್ತಿಗೊಂದು ಗಡುವಿತ್ತು. ಷೇರಿಗೆ 12 ತಿಂಗಳು, ಸೈಟಿಗೆ 24, ಚಿನ್ನಕ್ಕೆ 36. ನೆನಪಿಡುವುದೇ ಕಷ್ಟವಾಗಿತ್ತು. 2024ರ ಜುಲೈ 23ರ ಬಜೆಟ್ ಇದನ್ನು ಎರಡಕ್ಕೆ ಇಳಿಸಿತು. ಷೇರು ಮಾರುಕಟ್ಟೆಯಲ್ಲಿ ನೋಂದಣಿಯಾಗಿ ವಹಿವಾಟಾಗುವ ಷೇರು, ಇಟಿಎಫ್, ಬಾಂಡು ಮುಂತಾದವಕ್ಕೆ 12 ತಿಂಗಳು. ಷೇರುಗಳಲ್ಲಿ ಹಣ ಹೂಡುವ ಈಕ್ವಿಟಿ ಫಂಡುಗಳಿಗೂ ಅಷ್ಟೇ. ಉಳಿದ ಬಹುತೇಕ ಎಲ್ಲಕ್ಕೂ, ಅಂದರೆ ಚಿನ್ನ, ಸೈಟು, ಮನೆ, ಮಾರುಕಟ್ಟೆಯಲ್ಲಿ ಇಲ್ಲದ ಕಂಪನಿಯ ಷೇರು ಇವಕ್ಕೆ 24 ತಿಂಗಳು. ಆ ಗಡುವು ದಾಟಿ ಮಾರಿದರೆ ಲಾಭ ದೀರ್ಘಾವಧಿಯದ್ದು, ಅದರೊಳಗೆ ಮಾರಿದರೆ ಅಲ್ಪಾವಧಿಯದ್ದು.

ದೀರ್ಘಾವಧಿ ಲಾಭಕ್ಕೆ ಈಗ ಸಾಮಾನ್ಯವಾಗಿ ಶೇ 12.5 ತೆರಿಗೆ. ಷೇರು ಮತ್ತು ಈಕ್ವಿಟಿ ಫಂಡುಗಳಲ್ಲಿ ವರ್ಷಕ್ಕೆ ಮೊದಲ ₹1.25 ಲಕ್ಷ ಲಾಭಕ್ಕೆ ತೆರಿಗೆಯೇ ಇಲ್ಲ. ಚಿನ್ನಕ್ಕೆ ಈ ವಿನಾಯಿತಿ ಸಿಗುವುದಿಲ್ಲ. ಅಲ್ಪಾವಧಿಯಾದರೆ ಷೇರಿಗೆ ಶೇ 20. ಚಿನ್ನ, ಸೈಟಿನ ಅಲ್ಪಾವಧಿ ಲಾಭ ನಿಮ್ಮ ಉಳಿದ ಆದಾಯಕ್ಕೆ ಸೇರಿ, ನೀವು ಯಾವ ಸ್ಲ್ಯಾಬಿನಲ್ಲಿದ್ದೀರೋ ಆ ದರದಲ್ಲಿ ತೆರಿಗೆ ಬೀಳುತ್ತದೆ. ಈ ತೆರಿಗೆಯ ಮೇಲೆ ಶೇ 4 ಸೆಸ್ ಬೇರೆ.

2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರುಗಳು ಬದಲಾಗಿವೆ. ಹಾಗಾಗಿ ಇಲ್ಲಿ ನಂಬರುಗಳ ಗೋಜಿಗೆ ಹೋಗಿಲ್ಲ. ಕೆಳಗಿನ ಲೆಕ್ಕಗಳು 2025-26ರ ಹಣಕಾಸು ವರ್ಷದ ದರಗಳಲ್ಲಿವೆ.

## ಮೊದಲ ಕಾರಣ: ಇಪ್ಪತ್ತು ವರ್ಷದ ಲಾಭ ಒಂದೇ ವರ್ಷದ ತಲೆ ಮೇಲೆ

ಹೆಚ್ಚು ದಿನ ಇಟ್ಟುಕೊಂಡವರಿಗೆ ಕಡಿಮೆ ದರ ಯಾಕೆ? ತಾಳ್ಮೆಗೆ ಸರ್ಕಾರ ಕೊಡುವ ಬಹುಮಾನ ಅಂತ ಹಲವರು ಅಂದುಕೊಳ್ಳುತ್ತಾರೆ. ಅದಕ್ಕಿಂತ ಗಟ್ಟಿಯಾದ ಕಾರಣ ಬೇರೆ ಇದೆ.

ಬೆಂಗಳೂರಿನ ನೀರಿನ ಬಿಲ್ ನೋಡಿ. ಮೊದಲ ಕೆಲವು ಸಾವಿರ ಲೀಟರಿಗೆ ಕಡಿಮೆ ದರ, ಬಳಕೆ ಏರಿದ ಹಾಗೆ ಮೇಲಿನ ಹಂತಕ್ಕೆ ಹೆಚ್ಚಿನ ದರ. ಮೀಟರ್ ಓದುವವರು ಒಂದು ವರ್ಷ ಬರಲೇ ಇಲ್ಲ, ಆಮೇಲೆ ಬಂದು ಹನ್ನೆರಡು ತಿಂಗಳ ನೀರನ್ನು ಒಂದೇ ತಿಂಗಳ ಬಳಕೆ ಅಂತ ಬಿಲ್ ಹಾಕಿದರು ಅಂತಿಟ್ಟುಕೊಳ್ಳಿ. ನೀವು ಹಿತಮಿತವಾಗಿ ಬಳಸಿದ್ದರೂ ದರ ಮಾತ್ರ ಮೇಲಿನ ಹಂತದ್ದು. ಅನ್ಯಾಯ ಅಲ್ವಾ?

ಆದಾಯ ತೆರಿಗೆಯೂ ಹಂತ ಹಂತದ್ದೇ, ಲೆಕ್ಕ ಮಾತ್ರ ವರ್ಷಕ್ಕೊಮ್ಮೆ. ಹತ್ತು ಲಕ್ಷದ ಸೈಟು ಇಪ್ಪತ್ತು ವರ್ಷದಲ್ಲಿ ಐವತ್ತು ಲಕ್ಷವಾಯಿತು ಅನ್ನಿ. ಲಾಭ 40 ಲಕ್ಷ, ಸರಾಸರಿ ವರ್ಷಕ್ಕೆ 2 ಲಕ್ಷ. ಮಾರುವವರ ತೆರಿಗೆಗೊಳಪಡುವ ಸಂಬಳ 10 ಲಕ್ಷ. ಪ್ರತಿ ವರ್ಷದ 2 ಲಕ್ಷವನ್ನು ಆಯಾ ವರ್ಷವೇ ಸಂಬಳಕ್ಕೆ ಸೇರಿಸಿದ್ದರೆ, ಈಗಿನ ಹೊಸ ತೆರಿಗೆ ಪದ್ಧತಿಯ ಸ್ಲ್ಯಾಬಿನಲ್ಲಿ ಅದು ಶೇ 10ರ ಹಂತದಲ್ಲೇ ಇರುತ್ತಿತ್ತು. ಆದರೆ ಮಾರಿದ ವರ್ಷ 40 ಲಕ್ಷವೂ ಒಟ್ಟಿಗೆ ಸೇರಿದರೆ ಆದಾಯ 50 ಲಕ್ಷ. 24 ಲಕ್ಷ ದಾಟಿದ್ದಕ್ಕೆಲ್ಲ ಶೇ 30. ಅಂದರೆ 40 ಲಕ್ಷ ಲಾಭದಲ್ಲಿ 26 ಲಕ್ಷ ಅತಿ ಮೇಲಿನ ಹಂತಕ್ಕೆ ಹೋಗಿ ಕೂರುತ್ತದೆ. ಅವರು ಶ್ರೀಮಂತರಾಗಿದ್ದಕ್ಕಲ್ಲ, ಇಪ್ಪತ್ತು ವರ್ಷದ ಲಾಭ ಒಂದೇ ವರ್ಷದಲ್ಲಿ ಕಾಣಿಸಿಕೊಂಡಿದ್ದಕ್ಕೆ.

ಹಾಗಾಗಿ ದೀರ್ಘಾವಧಿ ಲಾಭವನ್ನು ಸ್ಲ್ಯಾಬಿನಿಂದ ಹೊರಗಿಟ್ಟು ಒಂದು ಸಮ ದರ ಹಾಕುತ್ತಾರೆ. ಒಂದು ವರ್ಷದೊಳಗೇ ಕೊಂಡು ಮಾರಿದರೆ ಈ ತೊಂದರೆಯೇ ಇಲ್ಲ. ಲಾಭ ಹುಟ್ಟಿದ್ದೂ ಕೈಗೆ ಬಂದಿದ್ದೂ ಸುಮಾರು ಒಂದೇ ವರ್ಷದಲ್ಲಿ. ಅದಕ್ಕೆ ಸಂಬಳದ ಹಾಗೆ ತೆರಿಗೆ ಹಾಕಿದರೆ ದೂರಲು ಕಾರಣವಿಲ್ಲ.

ಇದಕ್ಕೆ ಎದುರು ವಾದವೂ ಇದೆ, ಅದನ್ನೂ ಹೇಳಬೇಕು. ಸಂಬಳದಾರ ಪ್ರತಿ ತಿಂಗಳು ತೆರಿಗೆ ಕಟ್ಟುತ್ತಾನೆ. ಸೈಟಿನವರು ಇಪ್ಪತ್ತು ವರ್ಷ ಕಟ್ಟದೆ ಕೊನೆಗೆ ಒಮ್ಮೆ ಕಟ್ಟುತ್ತಾರೆ. ಅಷ್ಟು ವರ್ಷ ತೆರಿಗೆ ಮುಂದಕ್ಕೆ ಹೋಗಿದ್ದೇ ಒಂದು ಅನುಕೂಲ. ಕಡಿಮೆ ದರವನ್ನು ಪೂರ್ತಿ ನ್ಯಾಯ ಅಂತ ಒಪ್ಪದ ಅರ್ಥಶಾಸ್ತ್ರಜ್ಞರು ಇದನ್ನೇ ಮುಂದಿಡುತ್ತಾರೆ.

## ಎರಡನೇ ಕಾರಣ: ಲಾಭದಂತೆ ಕಾಣುವ ಬೆಲೆಯೇರಿಕೆ

ಆ 40 ಲಕ್ಷದಲ್ಲಿ ಎಲ್ಲವೂ ನಿಜವಾದ ಲಾಭವೇ? 2005ರ ಹತ್ತು ಲಕ್ಷಕ್ಕೆ ಸಿಗುತ್ತಿದ್ದ ಸಾಮಾನು ಈಗ ಹತ್ತು ಲಕ್ಷಕ್ಕೆ ಸಿಗುವುದಿಲ್ಲ. ರೂಪಾಯಿಯ ಬೆಲೆ ಇಳಿದಿದ್ದನ್ನೂ ಲಾಭ ಅಂತ ಎಣಿಸಿ ತೆರಿಗೆ ಹಾಕಿದರೆ, ಇಲ್ಲದ ಗಳಿಕೆಗೆ ತೆರಿಗೆ ಹಾಕಿದ ಹಾಗೆ.

ಇದನ್ನು ಸರಿಪಡಿಸಲು 1992ರ ಬಜೆಟ್ಟಿನಲ್ಲಿ ಇಂಡೆಕ್ಸೇಷನ್ ತಂದರು. ಸರ್ಕಾರ ಪ್ರತಿ ವರ್ಷ ಒಂದು ಬೆಲೆ ಸೂಚ್ಯಂಕ ಪ್ರಕಟಿಸುತ್ತದೆ. ಈಗಿನ ಲೆಕ್ಕದಲ್ಲಿ 2001-02ಕ್ಕೆ ಅದು 100. 2005-06ಕ್ಕೆ 117, 2025-26ಕ್ಕೆ 376. ಕೊಂಡ ಬೆಲೆಯನ್ನು ಈ ಅನುಪಾತದಲ್ಲಿ ಏರಿಸಿ, ಆಮೇಲೆ ಲಾಭ ಲೆಕ್ಕ ಹಾಕುತ್ತಾರೆ. ಮೊದಲಿನಿಂದಲೂ ಈ ಅನುಕೂಲ ದೀರ್ಘಾವಧಿ ಆಸ್ತಿಗಳಿಗೆ ಮಾತ್ರ. ಕೆಲವು ತಿಂಗಳಲ್ಲಿ ರೂಪಾಯಿ ಅಷ್ಟೇನೂ ಕರಗುವುದಿಲ್ಲ ಅನ್ನೋದು ಅದರ ತರ್ಕ.

2024ರ ಬಜೆಟ್ ಇಂಡೆಕ್ಸೇಷನ್ ತೆಗೆದು, ಅದಕ್ಕೆ ಬದಲಾಗಿ ದರವನ್ನು ಶೇ 20ರಿಂದ 12.5ಕ್ಕೆ ಇಳಿಸಿತು. ಗಲಾಟೆಯಾದ ಮೇಲೆ ಜಮೀನು ಮತ್ತು ಕಟ್ಟಡಕ್ಕೆ ಒಂದು ರಿಯಾಯಿತಿ ಕೊಟ್ಟರು. 2024ರ ಜುಲೈ 23ಕ್ಕಿಂತ ಮೊದಲು ಕೊಂಡಿದ್ದರೆ, ಭಾರತದಲ್ಲಿ ನೆಲೆಸಿರುವ ವ್ಯಕ್ತಿಗಳು ಮತ್ತು ಹಿಂದೂ ಅವಿಭಕ್ತ ಕುಟುಂಬಗಳು ಎರಡು ರೀತಿಯಲ್ಲೂ ಲೆಕ್ಕ ಹಾಕಿ ಕಡಿಮೆಯಾದ ತೆರಿಗೆ ಕಟ್ಟಬಹುದು.

ನಮ್ಮ ಸೈಟಿಗೆ ಹಾಕಿ ನೋಡೋಣ. 2005-06ರಲ್ಲಿ ಕೊಂಡ ಬೆಲೆ 10 ಲಕ್ಷ, 2025-26ರಲ್ಲಿ ಮಾರಿದ್ದು 50 ಲಕ್ಷಕ್ಕೆ. ನೇರ ಲೆಕ್ಕದಲ್ಲಿ 40 ಲಕ್ಷಕ್ಕೆ ಶೇ 12.5, ಅಂದರೆ 5 ಲಕ್ಷ. ಇಂಡೆಕ್ಸೇಷನ್ ಲೆಕ್ಕದಲ್ಲಿ 10 ಲಕ್ಷವನ್ನು 376ರಿಂದ ಗುಣಿಸಿ 117ರಿಂದ ಭಾಗಿಸಿದರೆ ಸುಮಾರು 32.14 ಲಕ್ಷ. ಲಾಭ 17.86 ಲಕ್ಷಕ್ಕೆ ಇಳಿಯಿತು. ಅದಕ್ಕೆ ಶೇ 20 ಹಾಕಿದರೆ ಸುಮಾರು 3.57 ಲಕ್ಷ. ಇಲ್ಲಿ ಇಂಡೆಕ್ಸೇಷನ್ ಲೆಕ್ಕವೇ ಲಾಭ.

ಅದೇ ಸೈಟು 80 ಲಕ್ಷಕ್ಕೆ ಹೋಗಿದ್ದರೆ ಫಲಿತಾಂಶ ತಿರುಗುತ್ತದೆ. ನೇರ ಲೆಕ್ಕದಲ್ಲಿ 8.75 ಲಕ್ಷ, ಇಂಡೆಕ್ಸೇಷನ್‌ನಲ್ಲಿ ಸುಮಾರು 9.57 ಲಕ್ಷ. ಬೆಲೆ ಸೂಚ್ಯಂಕಕ್ಕಿಂತ ಬಹಳ ಜೋರಾಗಿ ಏರಿದ ಕಡೆ ನೇರ ಲೆಕ್ಕ ಒಳ್ಳೆಯದು, ನಿಧಾನಕ್ಕೆ ಏರಿದ ಕಡೆ ಇಂಡೆಕ್ಸೇಷನ್ ಲೆಕ್ಕ.

ಚಿನ್ನಕ್ಕೆ ಈ ಆಯ್ಕೆ ಇಲ್ಲ. ಮೂವತ್ತು ವರ್ಷ ಇಟ್ಟ ಸರಕ್ಕೂ ಮೂರು ವರ್ಷ ಇಟ್ಟ ಸರಕ್ಕೂ ಈಗ ಒಂದೇ ಶೇ 12.5. ಬೆಲೆಯೇರಿಕೆಗೆ ನೇರವಾಗಿ ಕೊಡುತ್ತಿದ್ದ ವಿನಾಯಿತಿ ಹೋಗಿ, ಅಂದಾಜಿನ ಒಂದು ಕಡಿಮೆ ದರ ಉಳಿದಿದೆ. ಸರಳವಾಗಿದ್ದು ಹೌದು. ಆದರೆ ಬಹಳ ವರ್ಷ ಇಟ್ಟವರಿಗೆ, ಬೆಲೆ ನಿಧಾನಕ್ಕೆ ಏರಿದ್ದರೆ, ಇದು ಹಿಂದಿಗಿಂತ ಭಾರ.

## ಹಾಗಾದರೆ ಒಂದಕ್ಕೆ 12, ಇನ್ನೊಂದಕ್ಕೆ 24 ಯಾಕೆ?

ಗಡುವು ಅಂತ ಒಂದು ಇರಲೇಬೇಕು ಅನ್ನೋದಕ್ಕೆ ಮೇಲಿನ ಎರಡು ಕಾರಣ ಸಾಕು. ಗಡುವು ಬೇರೆ ಬೇರೆ ಇರುವುದಕ್ಕೆ ಮೂರನೆಯದು ಬೇಕು: ಆಸ್ತಿಯನ್ನು ಮಾರುವುದು ಎಷ್ಟು ಸುಲಭ?

ಡಿಮ್ಯಾಟ್‌ನಲ್ಲಿರುವ ಗೋಲ್ಡ್ ಇಟಿಎಫ್ ಅನ್ನು ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರಬಹುದು. ಬೆಲೆ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಖರ್ಚು ಕೆಲವೇ ರೂಪಾಯಿ. ಇಷ್ಟು ಸಲೀಸಾಗಿ ಕೈಬಿಡಬಹುದಾದ ವಸ್ತುವನ್ನು ಒಬ್ಬರು ಪೂರ್ತಿ ಒಂದು ವರ್ಷ ಇಟ್ಟುಕೊಂಡರೆ, ಅವರು ದಿನದ ಏರಿಳಿತದ ಬೆನ್ನು ಹತ್ತಿಲ್ಲ ಅಂತ ಹೇಳಬಹುದು.

ಬಳೆಯ ವಿಷಯ ಹಾಗಲ್ಲ. ಮೇಕಿಂಗ್ ಚಾರ್ಜ್ ಕೊಟ್ಟು ಕೊಂಡಿರುತ್ತೇವೆ. ಮಾರುವಾಗ ಅದು ವಾಪಸ್ ಬರುವುದಿಲ್ಲ, ವೇಸ್ಟೇಜ್ ಅಂತ ಇನ್ನಷ್ಟು ಹೋಗುತ್ತದೆ. ಸೈಟಾದರೆ ಇನ್ನೂ ನಿಧಾನ. ಗಿರಾಕಿ ಹುಡುಕಬೇಕು, ಇಸಿ ತೆಗೆಸಬೇಕು, ಖಾತೆ ನೋಡಿಸಬೇಕು, ಬ್ಯಾಂಕ್ ಸಾಲ ಮಂಜೂರಾಗಬೇಕು, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಇಂಥ ಆಸ್ತಿ ಒಂದು ವರ್ಷ ಕೈಯಲ್ಲಿತ್ತು ಅಂದರೆ, ಕೊಂಡ ಮರುದಿನದಿಂದಲೇ ಮಾರಲು ಓಡಾಡುತ್ತಿದ್ದಿರಲೂಬಹುದು. ಒಂದು ವರ್ಷ ಇಟ್ಟಿದ್ದು ಉದ್ದೇಶಕ್ಕೆ ಸಾಕ್ಷಿಯಾಗುವುದಿಲ್ಲ. ಅದಕ್ಕೇ ಗಡುವು ಜಾಸ್ತಿ.

ಷೇರುಗಳಿಗೆ ಇನ್ನೊಂದು ವಾದವೂ ಸೇರಿಕೊಂಡಿದೆ. ಕಂಪನಿ ತನ್ನ ಲಾಭಕ್ಕೆ ಮೊದಲೇ ತೆರಿಗೆ ಕಟ್ಟಿರುತ್ತದೆ. ಷೇರಿನ ಪ್ರತಿ ವಹಿವಾಟಿಗೂ ಎಸ್‌ಟಿಟಿ ಎಂಬ ಸಣ್ಣ ತೆರಿಗೆ ಇದೆ. 2004ರಲ್ಲಿ ಎಸ್‌ಟಿಟಿ ತಂದಾಗ ಷೇರಿನ ದೀರ್ಘಾವಧಿ ಲಾಭಕ್ಕೆ ತೆರಿಗೆಯನ್ನೇ ತೆಗೆದಿದ್ದರು. 2018ರ ಬಜೆಟ್ ಅದನ್ನು ಮತ್ತೆ ತಂದಿತು. ಆದರೂ ಷೇರಿನ ಕಡೆಗೆ ಒಂದಿಷ್ಟು ಒಲವು ಉಳಿದುಕೊಂಡಿದೆ. ಜನರ ಉಳಿತಾಯ ಲಾಕರಿನಿಂದ ಉದ್ಯಮದ ಕಡೆಗೆ ಹರಿಯಲಿ ಅನ್ನುವ ಆಸೆ ಸರ್ಕಾರಗಳಿಗೆ ಮೊದಲಿನಿಂದಲೂ ಇದೆ.

ಗಡುವು ತುಂಬಾ ಉದ್ದವಾದರೂ ತೊಂದರೆಯೇ. ತೆರಿಗೆಗೆ ಹೆದರಿ ಜನ ಮಾರುವುದನ್ನೇ ಮುಂದಕ್ಕೆ ಹಾಕುತ್ತಾರೆ. ಆಸ್ತಿ ಬೇಕಾದವರಿಗೆ ಸಿಗುವುದಿಲ್ಲ, ಸರ್ಕಾರಕ್ಕೂ ತೆರಿಗೆ ಬರುವುದಿಲ್ಲ. ಮನೆ, ಸೈಟುಗಳ ಗಡುವನ್ನು 2017ರಲ್ಲಿ 36ರಿಂದ 24 ತಿಂಗಳಿಗೆ ಇಳಿಸಿದಾಗ ಯೋಚನೆ ಇದೇ ಆಗಿತ್ತು.

12, 24 ಅನ್ನುವ ಸಂಖ್ಯೆಗಳಿಗೆ ಯಾವ ವಿಜ್ಞಾನವೂ ಇಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು, ಎಳೆದಿದ್ದಾರೆ. ಗೆರೆಯ ಬದಲು ಮೆಟ್ಟಿಲು ಮಾಡಿದ ದೇಶಗಳೂ ಇವೆ. ಅಮೆರಿಕದಲ್ಲಿ 1934ರಿಂದ 1937ರವರೆಗೆ ಒಂದು, ಎರಡು, ಐದು, ಹತ್ತು ವರ್ಷ ಅಂತ ಹಂತ ಮಾಡಿ, ಹೆಚ್ಚು ಕಾಲ ಇಟ್ಟ ಹಾಗೆ ಲಾಭದ ಕಡಿಮೆ ಭಾಗಕ್ಕೆ ತೆರಿಗೆ ಹಾಕುತ್ತಿದ್ದರು. ಬ್ರಿಟನ್ 1998ರಲ್ಲಿ ಇಂಥದ್ದೇ ಒಂದನ್ನು ತಂದು 2008ರಲ್ಲಿ ಕೈಬಿಟ್ಟಿತು. ಮೆಟ್ಟಿಲು ಹೆಚ್ಚಾದಷ್ಟೂ ನ್ಯಾಯ ಹತ್ತಿರವಾಗುತ್ತದೆ, ಆದರೆ ಲೆಕ್ಕ ಗೋಜಲಾಗುತ್ತದೆ.

## ಕಾರಣ ಹೋದರೆ ಗಡುವೂ ಹೋಗುತ್ತದೆ: ಡೆಟ್ ಫಂಡಿನ ಕಥೆ

ಈ ತರ್ಕ ಕೆಲಸ ಮಾಡುವ ಬಗೆ ಡೆಟ್ ಫಂಡುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಇವು ಬಾಂಡುಗಳಲ್ಲಿ ಹಣ ಹೂಡುವ ಮ್ಯೂಚುವಲ್ ಫಂಡುಗಳು. ಬರುವ ಗಳಿಕೆ ಹೆಚ್ಚು ಕಡಿಮೆ ಬಡ್ಡಿಯೇ. ಆದರೆ ಯೂನಿಟ್ ಮಾರಿದಾಗ ಕೈಗೆ ಬರುವುದರಿಂದ ಅದಕ್ಕೆ ಬಂಡವಾಳ ಲಾಭ ಅನ್ನುವ ಹೆಸರು.

ಬ್ಯಾಂಕಿನ ಎಫ್‌ಡಿ ಬಡ್ಡಿಗೆ ಸ್ಲ್ಯಾಬಿನ ಪ್ರಕಾರ ಪೂರ್ತಿ ತೆರಿಗೆ. ಡೆಟ್ ಫಂಡಿಗೆ ಮೊದಲು ಒಂದು ವರ್ಷ ದಾಟಿದರೆ ಕಡಿಮೆ ತೆರಿಗೆಯಿತ್ತು. ಒಂದೇ ಥರದ ಗಳಿಕೆ, ತೆರಿಗೆ ಮಾತ್ರ ಬೇರೆ. ಶೇ 30ರ ಸ್ಲ್ಯಾಬಿನವರಿಗೆ ಇದು ದೊಡ್ಡ ಉಳಿತಾಯವಾಗಿತ್ತು. 2014ರಲ್ಲಿ ಸರ್ಕಾರ ಆ ಗಡುವನ್ನು 12ರಿಂದ 36 ತಿಂಗಳಿಗೆ ಏರಿಸಿತು. ಜನ ಮೂರು ವರ್ಷ ದಾಟುವಂಥ ಸ್ಕೀಮುಗಳಿಗೆ ಹೋದರು. ಕೊನೆಗೆ 2023ರ ಏಪ್ರಿಲ್ 1ರ ನಂತರ ಕೊಂಡ ಡೆಟ್ ಫಂಡುಗಳಿಗೆ ಗಡುವನ್ನೇ ತೆಗೆದುಹಾಕಿದರು. ಹತ್ತು ವರ್ಷ ಇಟ್ಟು ಮಾರಿದರೂ ಅದು ಅಲ್ಪಾವಧಿ ಲಾಭವೇ, ತೆರಿಗೆ ಸ್ಲ್ಯಾಬಿನದ್ದೇ.

ಹತ್ತು ವರ್ಷ ಅಲ್ಪಾವಧಿ ಹೇಗಾಗುತ್ತದೆ ಅಂತ ಓದಿದವರಿಗೆ ಗೊಂದಲವಾಗುವುದು ಸಹಜ. ಇದನ್ನು ಕಾಲದ ಲೆಕ್ಕವಾಗಿ ನೋಡಬೇಡಿ. ಇದು ಬಡ್ಡಿ, ಬಡ್ಡಿಯ ಹಾಗೆಯೇ ತೆರಿಗೆ ಕಟ್ಟಿ ಅಂತ ಕಾನೂನು ಹೇಳುತ್ತಿದೆ, ಅಷ್ಟೇ.

## ಚಿನ್ನ ಮಾರಿದ ಇಬ್ಬರ ಲೆಕ್ಕ

ಈಗ ಚಿನ್ನಕ್ಕೆ ಮರಳೋಣ. ಉದಾಹರಣೆಗೆ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ. ತೆರಿಗೆಗೊಳಪಡುವ ಸಂಬಳ 18 ಲಕ್ಷ, ಹೊಸ ಪದ್ಧತಿಯಲ್ಲಿದ್ದಾರೆ. 5 ಲಕ್ಷಕ್ಕೆ ಕೊಂಡ ಚಿನ್ನದ ನಾಣ್ಯಗಳನ್ನು 8 ಲಕ್ಷಕ್ಕೆ ಮಾರಿದರು. ಲಾಭ 3 ಲಕ್ಷ.

24 ತಿಂಗಳೊಳಗೆ ಮಾರಿದ್ದರೆ ಆ 3 ಲಕ್ಷ ಸಂಬಳದ ಮೇಲೆ ಕೂರುತ್ತದೆ. 18ರಿಂದ 20 ಲಕ್ಷದವರೆಗಿನ 2 ಲಕ್ಷಕ್ಕೆ ಶೇ 20, ಅಂದರೆ ₹40,000. ಉಳಿದ 1 ಲಕ್ಷಕ್ಕೆ ಶೇ 25, ಅಂದರೆ ₹25,000. ಸೆಸ್ ಸೇರಿ ₹67,600. ಗಡುವು ದಾಟಿ ಮಾರಿದ್ದರೆ 3 ಲಕ್ಷಕ್ಕೆ ಶೇ 12.5, ₹37,500. ಸೆಸ್ ಸೇರಿ ₹39,000. ಕಾದಿದ್ದಕ್ಕೆ ₹28,600 ಉಳಿತಾಯ.

ಇನ್ನೊಬ್ಬರು ಖಾಸಗಿ ಶಾಲೆಯ ಶಿಕ್ಷಕಿ. ತೆರಿಗೆಗೊಳಪಡುವ ಸಂಬಳ 9 ಲಕ್ಷ. ಚಿನ್ನದ ಲಾಭ 2 ಲಕ್ಷ. ಇವರು ಗಡುವಿನೊಳಗೆ ಮಾರಿದರೆ ಒಟ್ಟು ಆದಾಯ 11 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯನ್ನೇ ಮನ್ನಾ ಮಾಡುವ ರಿಬೇಟ್ ಇರುವುದರಿಂದ ತೆರಿಗೆ ಸೊನ್ನೆ. ಅದೇ ಚಿನ್ನವನ್ನು ಗಡುವು ದಾಟಿ ಮಾರಿದರೆ? ಶೇ 12.5ರಂಥ ವಿಶೇಷ ದರದ ತೆರಿಗೆಗೆ ಆ ರಿಬೇಟ್ ಅನ್ವಯಿಸುವುದಿಲ್ಲ. ₹25,000 ತೆರಿಗೆ, ಸೆಸ್ ಸೇರಿ ₹26,000 ಕಟ್ಟಬೇಕು.

ಕಾದವರಿಗೆ ಹೆಚ್ಚು ತೆರಿಗೆ! ದೀರ್ಘಾವಧಿ ಅಂದರೆ ಯಾವಾಗಲೂ ಕಡಿಮೆ ತೆರಿಗೆ ಅಂತ ನಂಬಿದವರಿಗೆ ಇದು ಆಶ್ಚರ್ಯ. ದೀರ್ಘಾವಧಿಯ ಸಮ ದರ ಹುಟ್ಟಿದ್ದೇ ಮೇಲಿನ ಸ್ಲ್ಯಾಬಿಗೆ ತಳ್ಳಲ್ಪಡುವವರ ಕಷ್ಟ ತಪ್ಪಿಸಲು. ಮೊದಲೇ ಕೆಳಗಿನ ಸ್ಲ್ಯಾಬಿನಲ್ಲಿರುವವರಿಗೆ ಆ ಕಷ್ಟವಿಲ್ಲ, ಹಾಗಾಗಿ ಸಮ ದರವೇ ಅವರಿಗೆ ಹೊರೆಯಾಗುತ್ತದೆ. ಬೇರೆ ಆದಾಯವೇ ಇಲ್ಲದ ಗೃಹಿಣಿಗೆ ಮತ್ತೆ ಬೇರೆ ಲೆಕ್ಕ. ತೆರಿಗೆ ಇಲ್ಲದ ಮೊದಲ 4 ಲಕ್ಷದ ಮಿತಿಯಲ್ಲಿ ಖಾಲಿ ಉಳಿದ ಜಾಗಕ್ಕೆ ದೀರ್ಘಾವಧಿ ಲಾಭವನ್ನೂ ಹೊಂದಿಸಿಕೊಳ್ಳಬಹುದು. ಆದರೆ ಆ ಚಿನ್ನ ಗಂಡ ಉಡುಗೊರೆ ಕೊಟ್ಟಿದ್ದಾದರೆ ಲಾಭ ಗಂಡನ ಆದಾಯಕ್ಕೆ ಸೇರುತ್ತದೆ. ತವರಿನವರು ಕೊಟ್ಟಿದ್ದಾದರೆ ಅದು ಅವರದ್ದೇ.

## ದಿನ ಎಣಿಸುವುದು ಹೇಗೆ?

ಕಾನೂನು ಕೇಳುವುದು 12 ಅಥವಾ 24 ತಿಂಗಳು ತುಂಬಿದೆಯಾ ಅಂತಲ್ಲ, ಅದಕ್ಕಿಂತ ಹೆಚ್ಚಾಗಿದೆಯಾ ಅಂತ. 2024ರ ಜೂನ್ 10ರಂದು ಕೊಂಡ ಷೇರನ್ನು 2025ರ ಜೂನ್ 10ರಂದೇ ಮಾರಿದರೆ ಅದು ಅಲ್ಪಾವಧಿ. ಮಾರಿದ ದಿನದ ಹಿಂದಿನ ದಿನದವರೆಗೆ ಎಣಿಸಿದರೆ ಸರಿಯಾಗಿ 12 ತಿಂಗಳು, ಅದಕ್ಕಿಂತ ಹೆಚ್ಚಿಲ್ಲ. 11ನೇ ತಾರೀಖು ಮಾರಿದರೆ ದೀರ್ಘಾವಧಿ. ಷೇರಿಗೆ ಬ್ರೋಕರ್ ಕೊಡುವ ಕಾಂಟ್ರಾಕ್ಟ್ ನೋಟಿನ ದಿನವೇ ಲೆಕ್ಕ, ಡಿಮ್ಯಾಟಿಗೆ ಬಂದು ಬಿದ್ದ ದಿನವಲ್ಲ.

ಎಸ್‌ಐಪಿಯಲ್ಲಿ ಹೆಚ್ಚು ಜನ ಎಡವುತ್ತಾರೆ. ಎಸ್‌ಐಪಿ ಶುರು ಮಾಡಿ ಒಂದು ವರ್ಷ ಆಯ್ತು, ಇನ್ನು ಎಲ್ಲ ದೀರ್ಘಾವಧಿ ಅಂತ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಪ್ರತಿ ಕಂತಿಗೂ ಅದರದ್ದೇ ಕ್ಯಾಲೆಂಡರ್. 2025ರ ಜನವರಿ 5ರಿಂದ ಈಕ್ವಿಟಿ ಫಂಡಿಗೆ ತಿಂಗಳು ತಿಂಗಳು ಹಾಕಿ, 2026ರ ಫೆಬ್ರವರಿ 10ರಂದು ಪೂರ್ತಿ ತೆಗೆದರೆ ಒಟ್ಟು 14 ಕಂತುಗಳಲ್ಲಿ ಮೊದಲ ಎರಡು ಮಾತ್ರ ದೀರ್ಘಾವಧಿ. ಉಳಿದ 12 ಕಂತಿನ ಲಾಭಕ್ಕೆ ಶೇ 20. ಸ್ವಲ್ಪ ಮಾತ್ರ ತೆಗೆದರೆ ಮೊದಲು ಕೊಂಡಿದ್ದು ಮೊದಲು ಹೋಯಿತು ಅಂತ ಲೆಕ್ಕ.

ಬಳುವಳಿಯಾಗಿ ಬಂದಿದ್ದಕ್ಕೆ ಒಂದು ಒಳ್ಳೆಯ ನಿಯಮವಿದೆ. ಅಜ್ಜಿಯ ಕಾಸಿನ ಸರ ಕಳೆದ ವರ್ಷವಷ್ಟೇ ನಿಮಗೆ ಬಂದಿದ್ದರೂ, ಅವಧಿ ಎಣಿಸುವುದು ಅಜ್ಜಿ ಕೊಂಡ ದಿನದಿಂದ. ಕೊಂಡ ಬೆಲೆಯೂ ಅಜ್ಜಿ ಕೊಟ್ಟಿದ್ದೇ. ಮದುವೆಯಲ್ಲಿ ಅಪ್ಪ ಅಮ್ಮ ಕೊಟ್ಟ ಒಡವೆಗೂ ಹೀಗೇ. ಹಳೆ ಬೆಲೆ ಗೊತ್ತಿಲ್ಲ, ರಸೀದಿ ಇಲ್ಲ ಅಂದರೆ? 2001ರ ಏಪ್ರಿಲ್ 1ಕ್ಕಿಂತ ಮೊದಲಿನದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಅಂತ ತೋರಿಸಬಹುದು. ನೋಂದಾಯಿತ ಮೌಲ್ಯಮಾಪಕರಿಂದ ಒಂದು ವರದಿ ಮಾಡಿಸಿಟ್ಟುಕೊಂಡರೆ ಮುಂದೆ ಪ್ರಶ್ನೆ ಬಂದಾಗ ಕೈಯಲ್ಲಿ ದಾಖಲೆ ಇರುತ್ತದೆ. 2001ರ ನಂತರದ್ದಾದರೆ ರಸೀದಿ ಬಿಟ್ಟರೆ ಬೇರೆ ದಾರಿ ಕಷ್ಟ.

## ಗಡುವು ದರವನ್ನಷ್ಟೇ ಬದಲಿಸುವುದಿಲ್ಲ

ನಷ್ಟವಾದಾಗಲೂ ಗಡುವು ಮುಖ್ಯ. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ, ದೀರ್ಘಾವಧಿ ಎರಡೂ ಲಾಭಗಳಿಂದ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಿಂದ ಮಾತ್ರ. ಕಾರಣ ಸರಳ: ಕಡಿಮೆ ದರದ ಕಡೆ ಆದ ನಷ್ಟವನ್ನು ಹೆಚ್ಚು ದರದ ಲಾಭದ ಎದುರು ತೋರಿಸಿ ತೆರಿಗೆ ಉಳಿಸಬಾರದು ಅಂತ. ಉಳಿದ ನಷ್ಟವನ್ನು ಮುಂದಿನ 8 ವರ್ಷ ಒಯ್ಯಬಹುದು, ಆದರೆ ನಷ್ಟವಾದ ವರ್ಷದ ರಿಟರ್ನನ್ನು ಕೊನೆ ದಿನದೊಳಗೆ ಸಲ್ಲಿಸಿರಬೇಕು. ತೆರಿಗೆ ಏನೂ ಇಲ್ಲವಲ್ಲ ಅಂತ ರಿಟರ್ನ್ ತಡ ಮಾಡಿದವರು ಕಳೆದುಕೊಳ್ಳುವುದು ಇದನ್ನೇ.

ಚಿನ್ನ ಮಾರಿ ಮನೆ ಕಟ್ಟುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ದೀರ್ಘಾವಧಿ ಲಾಭವಾಗಿದ್ದರೆ, ಚಿನ್ನ ಮಾರಿ ಬಂದ ಹಣವನ್ನು ವಾಸದ ಮನೆಗೆ ಹಾಕಿ ತೆರಿಗೆಯನ್ನು ಪೂರ್ತಿ ತಪ್ಪಿಸಬಹುದು. ಮಾರುವ ಒಂದು ವರ್ಷ ಮೊದಲು ಅಥವಾ ಮಾರಿದ ಎರಡು ವರ್ಷದೊಳಗೆ ಮನೆ ಕೊಂಡಿರಬೇಕು, ಕಟ್ಟುವುದಾದರೆ ಮೂರು ವರ್ಷದೊಳಗೆ ಮುಗಿಸಬೇಕು. ಮಾರುವ ದಿನ ನಿಮ್ಮ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಬೇರೆ ಮನೆ ಇರಬಾರದು. ಲಾಭದ ಭಾಗವನ್ನಷ್ಟೇ ಹಾಕಿದರೆ ಸಾಲದು, ಮಾರಿದ ಪೂರ್ತಿ ಹಣ ಹಾಕಿದರೆ ಮಾತ್ರ ಪೂರ್ತಿ ವಿನಾಯಿತಿ. 8 ಲಕ್ಷಕ್ಕೆ ಮಾರಿ 4 ಲಕ್ಷ ಹಾಕಿದರೆ ಅರ್ಧ ಲಾಭಕ್ಕೆ ವಿನಾಯಿತಿ. 24 ತಿಂಗಳು ತುಂಬುವ ಮೊದಲೇ ಚಿನ್ನ ಮಾರಿದವರಿಗೆ ಈ ಬಾಗಿಲು ತೆರೆಯುವುದೇ ಇಲ್ಲ, ಪೂರ್ತಿ 8 ಲಕ್ಷವನ್ನು ಮನೆಗೇ ಸುರಿದಿದ್ದರೂ.